ಸಗಟು ರೊಟ್ಟಿ ದರಪಟ್ಟಿಯ ಗೊಂದಲ

"ಖಡಕ್ ರೊಟ್ಟಿಗೆ '100ರಿಂದ 500ಕ್ಕೆ ₹8, 500ರಿಂದ 1000ಕ್ಕೆ ₹7, 5 ದಿನದಲ್ಲಿ ರವಾನೆ' ಅಂತ ಹಾಕಿದ್ದೇನೆ. ಗಿರಾಕಿಗಳ ಜೊತೆ ದಿನಾ ತಕರಾರು. ಹೇಗೆ ಬರೆಯಲಿ?"

ತಕರಾರಿನ ಮೂಲ ಬಹುಶಃ 500. ಅದು ಎರಡೂ ಸಾಲಿನಲ್ಲಿದೆ. ಮೊದಲು ಅದನ್ನು ಬಿಡಿಸಿ, ಆಮೇಲೆ ದಿನದ ಲೆಕ್ಕ ಎಲ್ಲಿಂದ ಶುರು ಅಂತ ಹೇಳಿ:

"ಕನಿಷ್ಠ ಆರ್ಡರ್ 100 ರೊಟ್ಟಿ. 100–499ಕ್ಕೆ ತಲಾ ₹8, 500–1000ಕ್ಕೆ ತಲಾ ₹7. ದರ ಇಡೀ ಆರ್ಡರ್‌ಗೆ ಅನ್ವಯ. ಸಾಗಣೆ ಖರ್ಚು ಬೇರೆ. ಮುಂಗಡ ಬಂದ ಮರುದಿನದಿಂದ 5 ಕೆಲಸದ ದಿನಗಳೊಳಗೆ ನಮ್ಮಲ್ಲಿಂದ ರವಾನೆ. ತಲುಪಲು ಬೇಕಾಗುವ ದಿನ ಇದರಲ್ಲಿ ಸೇರಿಲ್ಲ."

ಒಂದು ಗಮನಿಸಿ: 450 ರೊಟ್ಟಿಗೆ ₹3600 ಆಗುತ್ತದೆ, 500ಕ್ಕೆ ₹3500. 450 ಕೇಳಿದವರಿಗೆ '500 ತಗೊಳ್ಳಿ' ಅಂತ ನೀವೇ ಮೊದಲು ಹೇಳಿ. ಆಮೇಲೆ ತಿಳಿದರೆ ಮೋಸ ಅನ್ನುತ್ತಾರೆ. ದೊಡ್ಡ ಆರ್ಡರ್‌ಗೆ 5 ದಿನ ಸಾಕೇ ಅನ್ನುವುದು ರೊಟ್ಟಿ ಬಡಿಯುವವರು ಎಷ್ಟು ಜನ ಇದ್ದಾರೆ ಅನ್ನುವುದರ ಮೇಲಿದೆ. ಸಾಲದಿದ್ದರೆ 500ರ ಸಾಲಿಗೆ 8 ದಿನ ಅಂತ ಬೇರೆ ಬರೆಯಿರಿ.