ಮೊದಲ ಕೆಲಸ: ಬೈ-ಸೈಡೋ, ಸೆಲ್-ಸೈಡೋ?

ಪ್ರಶ್ನೆ: ಬೆಂಗಳೂರಿನಲ್ಲಿ ಈಗಷ್ಟೇ ಎಂಬಿಎ ಮುಗಿಸಿದ್ದೇನೆ. ಬ್ರೋಕರೇಜ್ ಸಂಶೋಧನೆ, ಮ್ಯೂಚುವಲ್ ಫಂಡ್, ಯಾವುದನ್ನು ಆರಿಸಲಿ?

ಬ್ರೋಕರೇಜ್, ಅಂದರೆ ಸೆಲ್-ಸೈಡ್ ಎನ್ನುತ್ತೇನೆ. ಇನ್ಫೋಸಿಸ್‌ನ ತ್ರೈಮಾಸಿಕ ಫಲಿತಾಂಶ ಸಂಜೆ ಬಂತೆನ್ನಿ: ಬ್ರೋಕರೇಜ್‌ನ ವಿಶ್ಲೇಷಕರು ರಾತ್ರಿಯೇ ಎಕ್ಸೆಲ್‌ನಲ್ಲಿ ಆದಾಯ, ಮಾರ್ಜಿನ್‌ಗಳ ಅಂದಾಜು ತಿದ್ದಿ, ಮರುದಿನ 9.15ಕ್ಕೆ ಮಾರುಕಟ್ಟೆ ತೆರೆಯುವ ಮುನ್ನ ಗ್ರಾಹಕರಿಗೆ ವರದಿ ಕಳುಹಿಸಬೇಕು. ಲೆಕ್ಕಪತ್ರ ಓದುವ ಕೈ ಪಳಗುವುದು ಹೀಗೆಯೇ. ಆ ವರದಿ ಓದುವ ಫಂಡ್‌ನವರ, ಅಂದರೆ ಬೈ-ಸೈಡಿನವರ ಪ್ರಶ್ನೆ ಬೇರೆ: ಆ ಷೇರು ಈಗಾಗಲೇ ಫಂಡ್ ಯೋಜನೆಯ ಹಣದ ಶೇ. 8ರಷ್ಟಿದ್ದರೆ, ಸಾಮಾನ್ಯ ಈಕ್ವಿಟಿ ಯೋಜನೆಗೆ ಸೆಬಿ ವಿಧಿಸಿರುವ ಶೇ. 10ರ ಮಿತಿಯೊಳಗೆ ಇನ್ನಷ್ಟು ಕೊಳ್ಳಬೇಕೇ, ಅದಕ್ಕಾಗಿ ಏನನ್ನು ಮಾರಬೇಕು? ಆ ನಿರ್ಧಾರ ಹೊಸಬರ ಕೈಗೆ ಬೇಗ ಬರುವುದಿಲ್ಲ. ಆದರೆ ಬೆಂಗಳೂರಿನ ಇಂಥ ಹಲವು ಸಂಶೋಧನಾ ಹುದ್ದೆಗಳು ಹೊರದೇಶದ ತಂಡಕ್ಕೆ ಅಂಕಿಅಂಶ ಒದಗಿಸುವಂಥವು. ಹಾಗಾಗಿ ವರದಿಯಲ್ಲಿ ನಿಮ್ಮ ಹೆಸರು ಬರುವುದೇ ಎಂದು ಸಂದರ್ಶನದಲ್ಲೇ ಕೇಳಿ.