ಕುತ್ತಿಗೆಯಲ್ಲಿ ಏನೂ ಕಾಣದಿದ್ದರೆ ರೋಗಿಯನ್ನು ಎಬ್ಬಿಸಿ ಕೂರಿಸಿ

"45 ಡಿಗ್ರಿಯಲ್ಲಿ ಮಲಗಿಸಿದರೂ ನನಗೆ ಜೆವಿಪಿ ಕಾಣಲ್ಲ. ಎ ಅಲೆ, ವಿ ಅಲೆ ಅಂತೂ ಗೊತ್ತೇ ಆಗಲ್ಲ. ಹೇಗಿದ್ರೂ ಎಕೋ ಮಾಡಿಸ್ತಾರೆ, ಇದನ್ನು ಬಿಟ್ಟುಬಿಡಬಹುದಾ?"

ಬಿಡಬೇಡಿ. ಹೌಸ್ ಸರ್ಜನ್ ಆಗಿದ್ದಾಗ ಹೊಟ್ಟೆಯಲ್ಲಿ ನೀರು ತುಂಬಿದ್ದ ಒಬ್ಬರನ್ನು ನೋಡಿದೆ. ಕುಡಿತದ ಅಭ್ಯಾಸವಿತ್ತು, ಲಿವರ್ ದೊಡ್ಡದಾಗಿತ್ತು. 45 ಡಿಗ್ರಿಯಲ್ಲಿ ಕುತ್ತಿಗೆ ನೋಡಿದೆ, ಏನೂ ಮಿಡಿಯಲಿಲ್ಲ. ಕೇಸ್ ಶೀಟಿನಲ್ಲಿ "ಜೆವಿಪಿ ಏರಿಲ್ಲ" ಅಂತ ಬರೆದೆ. ಆ ಒಂದು ಸಾಲಿನಿಂದ ಎಲ್ಲರೂ ಸಿರೋಸಿಸ್ ಅಂತಲೇ ಹೊರಟರು. ಹೊಟ್ಟೆಯ ನೀರು ತೆಗೆದಷ್ಟೂ ಮತ್ತೆ ತುಂಬಿತು.

ನಾನು ನೋಡಬೇಕಿದ್ದದ್ದು ಕುತ್ತಿಗೆಯ ಸಿರೆಯೊಳಗಿನ ರಕ್ತದ ಕಂಬದ ಮೇಲ್ತುದಿ. ಮಿಡಿತ ಕಾಣುವುದು ಅಲ್ಲೇ. ಒತ್ತಡ ತೀರಾ ಕಡಿಮೆಯಿದ್ದರೆ ಅದು ಕಾಲರ್ ಮೂಳೆಯ ಕೆಳಗೆ ಅಡಗಿರುತ್ತದೆ, ತೀರಾ ಜಾಸ್ತಿಯಿದ್ದರೆ ದವಡೆಯ ಮೇಲಕ್ಕೆ ಹೋಗಿಬಿಟ್ಟಿರುತ್ತದೆ. ಎರಡರಲ್ಲೂ ಕುತ್ತಿಗೆ ಖಾಲಿ ಕಾಣುತ್ತದೆ. ಹಾಗಾಗಿ 45 ಡಿಗ್ರಿ ಅನ್ನೋದು ನಿಯಮವೇ ಅಲ್ಲ. ಕಾಣದಿದ್ದರೆ ಚಪ್ಪಟೆ ಮಲಗಿಸಿ, ಆಮೇಲೆ ನೆಟ್ಟಗೆ ಕೂರಿಸಿ, ತುದಿ ಸಿಗುವ ತನಕ.

ನಮ್ಮ ಹಿರಿಯ ಡಾಕ್ಟರ್ ಅದನ್ನೇ ಮಾಡಿದರು. ಕೂರಿಸಿದ ಕೂಡಲೇ ಬಲಗಡೆ, ದವಡೆಯ ಹತ್ತಿರ ಮಿಡಿತ ಕಂಡಿತು. ಲೂಯಿ ಕೋನದಿಂದ ನೇರ ಮೇಲಕ್ಕೆ 13 ಸೆಂ.ಮೀ. ಆ ಕೋನದಿಂದ ರೈಟ್ ಏಟ್ರಿಯಂವರೆಗಿನ ದೂರ ಅಂತ ಅದಕ್ಕೆ 5 ಸೇರಿಸಿದರೆ 18 ಸೆಂ.ಮೀ. ನೀರು, 1.36ರಿಂದ ಭಾಗಿಸಿದರೆ ಸುಮಾರು 13 ಮಿ.ಮೀ. ಪಾದರಸ. ರೈಟ್ ಏಟ್ರಿಯಂನಲ್ಲಿ ಇಷ್ಟು ಇರಬಾರದು. ಕೂತಾಗ ಆ 5 ಸೆಂ.ಮೀ. ಲೆಕ್ಕ ಕಡಿಮೆಯೇ ಆಗುತ್ತದೆ, ಹಾಗಾಗಿ ನಿಜವಾದ ಒತ್ತಡ ಇನ್ನೂ ಹೆಚ್ಚಿದ್ದಿರಬಹುದು. ಬರೀ ಸಿರೋಸಿಸ್‌ನಲ್ಲಿ ಜೆವಿಪಿ ಸಾಮಾನ್ಯವಾಗಿ ಹೀಗೆ ಏರುವುದಿಲ್ಲ.

ಇನ್ನು ಅಲೆಗಳು. ಏರುವುದನ್ನು ಹುಡುಕಬೇಡಿ, ಒಳಕ್ಕೆ ಕುಸಿಯುವುದನ್ನು ನೋಡಿ. ಕಣ್ಣಿಗೆ ಸಿಗುವುದು ಅದೇ. ಎಡಗಡೆಯ ಕೆರೋಟಿಡ್ ಮೇಲೆ ಮೆತ್ತಗೆ ಬೆರಳಿಡಿ. ನಾಡಿಯ ಜೊತೆಗೇ ಕುಸಿದರೆ ಎಕ್ಸ್, ನಾಡಿ ಮುಗಿದ ಮೇಲೆ ಕುಸಿದರೆ ವೈ. ಆರೋಗ್ಯವಂತರಲ್ಲಿ ಎಕ್ಸ್ ಎದ್ದು ಕಾಣುತ್ತದೆ. ಇವರಲ್ಲಿ ವೈ ಚೂಪಾಗಿ, ಥಟ್ಟನೆ ಬೀಳುತ್ತಿತ್ತು. ಉಸಿರು ಎಳೆದುಕೊಂಡಾಗ ಇಳಿಯಬೇಕಿದ್ದ ತುದಿ ಇನ್ನೂ ಮೇಲೇರಿತು, ಅದು ಕುಸ್ಮಾಲ್ ಚಿಹ್ನೆ. ಬಿಗಿದ ಹೃದಯಕ್ಕೆ ಹೆಚ್ಚುವರಿ ರಕ್ತ ಹಿಡಿಸುವುದಿಲ್ಲ, ಅಲ್ವಾ? ಕೊನೆಗೆ ಗೊತ್ತಾದದ್ದು ಪೆರಿಕಾರ್ಡಿಯಂ ದಪ್ಪಗಾಗಿ ಹೃದಯವನ್ನು ಹಿಡಿದುಕೊಂಡಿತ್ತು, ಕಾರಣ ಟಿಬಿ.

ಒಂದು ಎಚ್ಚರಿಕೆ. ನಾಳ ಉಬ್ಬಿದ್ದು, ಯಾವ ಭಂಗಿಯಲ್ಲೂ ಮಿಡಿಯದಿದ್ದರೆ ಅದು ಬಲಹೃದಯದ ಒತ್ತಡವನ್ನು ಹೇಳುತ್ತಿಲ್ಲ. ಮೇಲಿನ ಮಹಾಸಿರೆ ಕಟ್ಟಿಕೊಂಡಿರಬಹುದು.

ಎಕೋ ವಿಷಯಕ್ಕೆ ಬಂದರೆ, ಈ ಕಾಯಿಲೆಯಲ್ಲಿ ಹೃದಯದ ಪಂಪಿಂಗ್ ಚೆನ್ನಾಗಿಯೇ ಕಾಣಬಹುದು. ಸುಮ್ನೆ "ಎಕೋ" ಅಂತ ಬರೆದು ಕಳಿಸಿದರೆ "ನಾರ್ಮಲ್" ಅಂತ ವಾಪಸ್ ಬರಬಹುದು. "ಜೆವಿಪಿ ಏರಿದೆ, ವೈ ಚೂಪಾಗಿದೆ, ಪೆರಿಕಾರ್ಡಿಯಂ ನೋಡಿ" ಅಂತ ಬರೆದು ಕಳಿಸಿ.