ಸತ್ತ ಇಯರ್‌ಬಡ್ಸ್: ಬಿಚ್ಚೋಕೆ ಮೊದಲು ಕರೆಂಟ್ ಎಲ್ಲಿವರೆಗೆ ಬಂದಿದೆ ನೋಡಿ

"ಮಂಡ್ಯ ನೂರಡಿ ರಸ್ತೇಲಿ ನಮ್ಮ ಮೊಬೈಲ್ ಸರ್ವೀಸ್ ಅಂಗಡಿ. ಹೊಸ ಹುಡುಗ ಸೇರಿದ್ದಾನೆ, ಕೈಕೆಲಸ ಚೆನ್ನಾಗಿದೆ. ಆದ್ರೆ ಇಯರ್‌ಬಡ್ಸ್ ಡೆಡ್ ಅಂತ ಯಾರಾದ್ರೂ ತಂದ್ರೆ ನೇರ ಬಿಚ್ಚೋಕೆ ಕೂರ್ತಾನೆ. ಮೊದಲು ಏನು ನೋಡಬೇಕು, ಕೊನೆಗೆ ಏನು ಅಂತ ಅವನು ನೋಡ್ಕೊಂಡು ಮಾಡೋ ಥರ ಒಂದು ಕ್ರಮ ಹೇಳಿ."

ಅಣ್ಣ, ನಾನು ಮೈಸೂರಲ್ಲಿ ಇದೇ ಕೆಲಸ ಮಾಡೋನು. ನಿಮ್ಮ ಪ್ರಶ್ನೆಗೆ ಇಲ್ಲಿ ಅಶೋಕ ರಸ್ತೆಯ ಹಿರಿಯರೊಬ್ಬರು, ಮದ್ದೂರಿನವರೊಬ್ಬರು ಆಗಲೇ ಉತ್ತರ ಬರೆದಿದಾರೆ, ನಂಜನಗೂಡಿನ ಅಕ್ಕ ಒಬ್ಬರು ತಮ್ಮದೂ ಒಂದು ಪ್ರಶ್ನೆ ಕೇಳಿದಾರೆ, ಅವಕ್ಕೂ ಇದರಲ್ಲೇ ಹೇಳ್ತೀನಿ. ವಿ.ಸಿ. ನಾಲೆ ನೀರು ಕೊನೇ ಗದ್ದೆಗೆ ಬರ್ಲಿಲ್ಲ ಅಂದ್ರೆ ಗದ್ದೆ ಅಗೆಯಲ್ಲ, ತೂಬಿಂದ ನೋಡ್ಕೊಂಡು ಬರ್ತೀವಿ. ಇಲ್ಲೂ ಅಷ್ಟೇ. ಚಾರ್ಜರ್, ಕೇಬಲ್, ಕೇಸು, ಕೇಸಿನ ಪಿನ್ನು, ಬಡ್‌ನ ಪಾಯಿಂಟು, ಕೊನೆಗೆ ಬಡ್ ಒಳಗಿನ ಸೆಲ್ಲು. ಇದೇ ಕರೆಂಟಿನ ದಾರಿ, ಹುಡುಗ ನೋಡಬೇಕಾದ ಕ್ರಮವೂ ಇದೇ.

ಗಿರಾಕಿ ಕೌಂಟರ್ ಬಿಟ್ಟು ಹೋಗೋ ಮುಂಚೆ ಕೇಳಬೇಕಾದ್ದು ಕೇಳಿಬಿಡಲಿ. ಒಂದು ಕಡೆ ಸತ್ತಿದೆಯಾ, ಎರಡೂನಾ? ಎರಡೂ ಒಟ್ಟಿಗೆ ಹೋಗಿದ್ರೆ ಸಾಮಾನ್ಯವಾಗಿ ಕೇಸು ಅಥವಾ ಅದರ ಹಿಂದಿನ ಚಾರ್ಜರ್, ಕೇಬಲ್. ಒಂದೇ ಆದ್ರೆ ಆ ಬಡ್ಡು ಇಲ್ಲಾ ಅದರ ಪಿನ್ನು. ಬಟ್ಟೆ ಜೊತೆ ವಾಷಿಂಗ್ ಮಷೀನಿಗೆ ಹೋಗಿತ್ತಾ? ಹೋಗಿದ್ರೆ ಚಾರ್ಜಿಗೆ ಹಾಕಲೇಬಾರದು, ಒಳಗಿನ ನೀರಿಗೆ ಕರೆಂಟ್ ಸಿಕ್ಕಿದ್ರೆ ಬೋರ್ಡು ಬೇಗ ತಿಂದುಹೋಗುತ್ತೆ. ಅಕ್ಕಿ ಡಬ್ಬದಲ್ಲಿ ಇಟ್ಟು ತಂದಿದೀವಿ ಅಂದ್ರೂ ಅದನ್ನ ಒಣಗಿದೆ ಅಂತ ನಂಬಬೇಡಿ. ಅಂಥದ್ದು ಮಾತ್ರ ನೇರ ಬಿಚ್ಚೋ ಸಾಲಿಗೆ. ಇನ್ನೊಂದು, ವಾರಂಟಿ ಇದೆಯಾ ಕೇಳಿ. ಇದ್ರೆ ಮುಟ್ಟದೆ ಕಂಪನಿಗೆ ಕಳಿಸಿ, ನಾವು ಬಿಚ್ಚಿದ ಮೇಲೆ ಅವರು ತಗೊಳ್ಳಲ್ಲ.

ಮೊದಲ ಪರೀಕ್ಷೆ ಕೇಬಲ್ಲು. ಇದರಲ್ಲಿ ಒಂದು ಮರ್ಮ ಇದೆ, ಹುಡುಗನಿಗೆ ಸರಿಯಾಗಿ ತಿಳಿಸಿ. ಈಗಿನ ಫೋನ್ ಚಾರ್ಜರುಗಳಿಗೆ ಎರಡೂ ತುದಿ ಟೈಪ್ ಸಿ ಇರೋ ಕೇಬಲ್ ಬರುತ್ತೆ. ಆ ಚಾರ್ಜರ್ ಎದುರುಗಡೆ ಸಾಮಾನಿನಲ್ಲಿ 5.1 ಕಿಲೋ ಓಮ್ ರೆಸಿಸ್ಟರ್ ಕಂಡ ಮೇಲೇ 5 ವೋಲ್ಟ್ ಬಿಡೋದು. ಕಡಿಮೆ ಬೆಲೆಯ ಎಷ್ಟೋ ಕೇಸುಗಳಲ್ಲಿ ಆ ರೆಸಿಸ್ಟರನ್ನೇ ಹಾಕಿರಲ್ಲ. ಆಗ ಚಾರ್ಜರ್ ಸುಮ್ಮನೆ ಕೂರುತ್ತೆ, ಕೇಸಿನ ಲೈಟು ಬರಲ್ಲ, ಗಿರಾಕಿ ಡೆಡ್ ಅಂತಾನೆ. ಒಂದು ತುದಿ ಅಗಲವಾದ ಹಳೇ ಯುಎಸ್‌ಬಿ ಇರೋ ಕೇಬಲ್ ಹಾಕಿದ್ರೆ ಕೇಸು ಜೀವ ಬರುತ್ತೆ. ಬೆಂಚಿನ ಮೇಲೆ ಆ ಹಳೇ ಥರದ ಕೇಬಲ್ಲು, ಹಳೇ 5 ವೋಲ್ಟ್ ಚಾರ್ಜರು ಇದಕ್ಕೇ ಅಂತ ಒಂದು ಇಟ್ಟಿರಿ. ಪವರ್ ಬ್ಯಾಂಕಿಂದ ಪರೀಕ್ಷೆ ಬೇಡ, ಕೇಸು ಎಳೆಯೋ ಕರೆಂಟ್ ಕಡಿಮೆ ಆದ್ರೆ ಎಷ್ಟೋ ಪವರ್ ಬ್ಯಾಂಕುಗಳು ಏನೂ ಹಾಕಿಲ್ಲ ಅಂದ್ಕೊಂಡು ತಾವೇ ಆಫ್ ಆಗ್ತವೆ.

ಆ ಕೇಬಲ್ಲಿನ ಮಧ್ಯೆ ಯುಎಸ್‌ಬಿ ಮೀಟರ್ ಇರಲೇಬೇಕು. ಖಾಲಿ ಆಗಿರೋ ಆರೋಗ್ಯವಾದ ಕೇಸು ಸುಮಾರು 0.2ರಿಂದ 0.5 ಆಂಪ್ ಎಳೆಯುತ್ತೆ. 0.00 ತೋರಿಸಿದ್ರೆ ಟಾರ್ಚ್ ಹಿಡಿದು ಸಾಕೆಟ್ ಒಳಗೆ ನೋಡಲಿ, ಜೇಬಿನ ನೂಲು, ಧೂಳು ಗಟ್ಟಿಯಾಗಿ ಕೂತಿರುತ್ತೆ. ಮರದ ಹಲ್ಲುಕಡ್ಡಿಯಲ್ಲಿ ತೆಗೆಯಬೇಕು, ಗುಂಡುಸೂಜಿ ಬೇಡ. 0.03, 0.04 ಹೀಗೆ ತೋರಿಸ್ತಿದ್ರೆ ಕೇಸನ್ನ ಮುಟ್ಟಬೇಡಿ. ತಿಂಗಳುಗಟ್ಟಲೆ ಬಳಸದೆ ಇಟ್ಟ ಸೆಲ್ಲಿಗೆ ಚಾರ್ಜಿಂಗ್ ಐಸಿ ಮೊದಲು ಹನಿಹನಿಯಾಗೇ ಕೊಡೋದು, ಅರ್ಧ ಗಂಟೆ ಬಿಟ್ಟು ನೋಡಿದ್ರೆ ತಾನೇ ಏರಿರುತ್ತೆ. ಒಂದು ಆಂಪ್ ದಾಟಿ ಕೇಸು ಬಿಸಿ ಆಗ್ತಿದ್ರೆ ಒಳಗೆ ಶಾರ್ಟ್ ಇದೆ, ತಕ್ಷಣ ಕಿತ್ತುಬಿಡಿ. ಮೈ ಉಬ್ಬಿದ ಕೇಸಂತೂ ಚಾರ್ಜಿಗೂ ಬೇಡ, ಒತ್ತಿ ನೋಡೋದೂ ಬೇಡ, ಮರಳು ತುಂಬಿದ ತಗಡಿನ ಡಬ್ಬಕ್ಕೆ ಹಾಕಿ ಪಕ್ಕಕ್ಕಿಡಿ.

ಕೇಸು ಸರಿ ಇದೆ, ಬಡ್ ಏಳ್ತಿಲ್ಲ ಅಂದ್ರೆ ನೋಡಬೇಕಾದ್ದು ಪಿನ್ನು. ನನ್ನ ಅಂದಾಜಲ್ಲಿ ಹುಡುಗ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದೇ. ಹೊಸದಾಗಿ ಕೊಂಡದ್ದಾದ್ರೆ ಬಡ್‌ನ ಪಾಯಿಂಟಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಗೇ ಇದೆಯಾ ಅಂತ ಮೊದಲು ನೋಡಿ, ನಗಬೇಡಿ, ಬರ್ತವೆ. ಗಿರಾಕಿ ದಪ್ಪ ರಬ್ಬರ್ ಟಿಪ್ ಹಾಕಿಸಿಕೊಂಡಿದ್ರೆ ಬಡ್ಡು ಗುಂಡಿಯಲ್ಲಿ ಪೂರ್ತಿ ಕೂರಲ್ಲ. ಟಿಪ್ ತೆಗೆದು ಕೂರಿಸಿ ನೋಡಿ. ಆಮೇಲೆ ಭೂತಗನ್ನಡಿ. ಬೆವರಿನ ಉಪ್ಪಿಗೆ ಪಿನ್ನು ಹಸಿರು ಕಟ್ಟಿರುತ್ತೆ, ಇಲ್ಲಾ ಒಂದು ಪಿನ್ನು ಒಳಗೇ ಸಿಕ್ಕಿಕೊಂಡು ಪಕ್ಕದ್ದಕ್ಕಿಂತ ತಗ್ಗಿರುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬ್ರಷ್ಷಿಂದ ಉಜ್ಜಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ಒತ್ತಿ ಬಿಟ್ಟು ಮಾಡಿದ್ರೆ ಸ್ಪ್ರಿಂಗು ಸಡಿಲ ಆಗಿ ಮೇಲೆ ಬರುತ್ತೆ. ಉಪ್ಪುಕಾಗದ ಮಾತ್ರ ಬೇಡ. ಮೇಲಿನ ಚಿನ್ನದ ಲೇಪ ಹೋದ್ರೆ ಮತ್ತೆ ಬೇಗ ಹಸಿರು ಕಟ್ಟುತ್ತೆ.

ಆದ ಮೇಲೆ ಪಿನ್ನಿನ ವೋಲ್ಟೇಜು. ಇಲ್ಲಿ ಹುಡುಗ ಮೋಸ ಹೋಗೋ ಸಾಧ್ಯತೆ ಇದೆ. ಕೆಲವು ಕೇಸು ಖಾಲಿ ಪಿನ್ನಿಗೂ 5 ವೋಲ್ಟ್ ಕೊಡ್ತವೆ, ಕೆಲವು ಬಡ್ ಕೂತಿದೆ ಅಂತ ಗೊತ್ತಾದ ಮೇಲೇ ಕೊಡೋದು. ಅದಕ್ಕೆ ಇಷ್ಟೇ ಬರಬೇಕು ಅಂತ ಹುಡುಕೋ ಬದಲು ಕೆಲಸ ಮಾಡ್ತಿರೋ ಕಡೆ ಅಳೆದು ಸತ್ತ ಕಡೆಗೆ ಹೋಲಿಸಲಿ. ಎರಡೂ ಒಂದೇ ಇದ್ರೆ ಕೇಸಿನ ತಪ್ಪಿಲ್ಲ ಅನ್ನೋಕೆ ಸಾಕು. ಎರಡೂ ಸೊನ್ನೆ ಬಂದಾಗ ಏನು ಅಂತ ಮೇಲೆ ಅಶೋಕ ರಸ್ತೆಯ ಹಿರಿಯರು ಹೇಳಿದಾರೆ, ಒಂದು ಕಿಲೋ ಓಮ್ ರೆಸಿಸ್ಟರ್ ಅಡ್ಡ ಹಿಡಿದ್ರೆ ಕೇಸು ಬಡ್ ಬಂತು ಅಂದ್ಕೊಂಡು ಏಳುತ್ತೆ ಅಂತ. ಅವರ ಅನುಭವ ನಮಗಿಂತ ದೊಡ್ಡದು, ನಾನೂ ಅದನ್ನ ಅವರಿಂದಲೇ ಕಲಿತದ್ದು. ಆದ್ರೆ ಬಡ್ ಜೊತೆ ಡೇಟಾ ಮಾತಾಡೋ ಮೂರು ಪಿನ್ನಿನ ಕೇಸುಗಳಲ್ಲಿ ಈ ಉಪಾಯ ನನಗೆ ಒಮ್ಮೊಮ್ಮೆ ಕೈಕೊಟ್ಟಿದೆ. ಅಂಥದ್ದಕ್ಕೆ ಅದೇ ಮಾಡೆಲ್ಲಿನ ಚೆನ್ನಾಗಿರೋ ಇನ್ನೊಂದು ಕೇಸಲ್ಲಿ ಇಟ್ಟು ನೋಡೋದು ಬಿಟ್ಟು ಬೇರೆ ದಾರಿ ಇದ್ರೆ ಹಿರಿಯರೇ ತಿಳಿಸಲಿ.

ಇದಾದ ಮೇಲೂ ಬಡ್ ಬಿಚ್ಚಬೇಡಿ. ಬೆಂಚ್ ಸಪ್ಲೈ 5 ವೋಲ್ಟಿಗೆ ಇಟ್ಟು, ಕರೆಂಟ್ ಮಿತಿ 50 ಮಿಲಿಆಂಪ್ ಮಾಡಿ, ಬಡ್‌ನ ಪಾಯಿಂಟಿಗೆ ನೇರ ಕೊಡಿ. ಪ್ಲಸ್ ಯಾವುದು ಅಂತ ಆ ಬಡ್ಡು ಕೂರೋ ಗುಂಡಿಯ ಪಿನ್ನಲ್ಲೇ ಅಳೆದು ಗುರುತು ಮಾಡ್ಕೊಳ್ಳಿ, ಎಡ ಬಲ ಅದಲುಬದಲು ಇರಬಹುದು. ಆರೋಗ್ಯವಾದ ಬಡ್ಡು ಸಾಮಾನ್ಯವಾಗಿ 20ರಿಂದ 50 ಮಿಲಿಆಂಪ್ ಎಳೆಯುತ್ತೆ. ಮೂರು ನಾಲ್ಕು ಮಿಲಿಆಂಪ್ ಎಳೆದ್ರೆ ಸೆಲ್ಲು ಪಾತಾಳಕ್ಕೆ ಇಳಿದಿದೆ, ಕಾಯಬೇಕು. ಏನೂ ಎಳೆಯದೆ ಇದ್ರೆ ಅಥವಾ ಮಿತಿಗೆ ಹೋಗಿ ಕೂತು ವೋಲ್ಟೇಜ್ ಕುಸಿದ್ರೆ, ಅವತ್ತು ಬಿಚ್ಚೋ ಮಾತು.

ಮೊನ್ನೆ ಪಾಂಡವಪುರ ಕಡೆಯ ಕಬ್ಬು ಬೆಳೆಗಾರರೊಬ್ಬರು ತಂದಿದ್ರು, ಟ್ರ್ಯಾಕ್ಟರ್ ಓಡಿಸೋರು. "ಎರಡೂ ಸತ್ತೋಗವೆ, ಬ್ಯಾಟರಿ ಹಾಕ್ಕೊಡಿ" ಅಂದ್ರು. ಅವರ ಸಿ ಟು ಸಿ ಕೇಬಲ್ಲಲ್ಲಿ ಮೀಟರ್ 0.00. ನಮ್ಮ ಹಳೇ ಕೇಬಲ್ ಹಾಕಿದ ತಕ್ಷಣ 0.31. ಸ್ವಲ್ಪ ಹೊತ್ತಿಗೆ ಎಡಗಡೆ ಬಡ್ಡಿನ ಲೈಟು ಬಂತು, ಬಲಗಡೆ ಇಲ್ಲ. ಬಲಗಡೆ ಗುಂಡಿ ನೋಡಿದ್ರೆ ಒಂದು ಪಿನ್ನು ತಗ್ಗಿ ಕೂತಿದೆ, ಸುತ್ತ ಹಸಿರು. ಉಜ್ಜಿ ಎಬ್ಬಿಸಿದೆ, ಎರಡೂ ಕಡೆ 4.9 ವೋಲ್ಟ್ ಸಮ ಬಂತು, ಆದ್ರೂ ಬಲಗಡೆ ಲೈಟಿಲ್ಲ. ಸಪ್ಲೈಗೆ ಹಾಕಿದೆ, 3 ಮಿಲಿಆಂಪ್. ಅವರು ಟೀ ಕುಡಿದು ಬರೋಷ್ಟರಲ್ಲಿ 30ರ ಹತ್ತಿರ ಏರಿ ಲೈಟು ಬಂದಿತ್ತು. ದಾರಿಯಲ್ಲಿ ಹಾರ್ನು ಕೇಳಿಸಬೇಕು ಅಂತ ಒಂದೇ ಕಿವಿಗೆ, ಯಾವಾಗಲೂ ಬಲಗಡೆದೇ ಹಾಕ್ತಾರಂತೆ. ಅದಕ್ಕೇ ಬೆವರೂ ಅದಕ್ಕೇ, ಸವೆತವೂ ಅದಕ್ಕೇ. ಪೂರ್ತಿ ಚಾರ್ಜ್ ಮಾಡಿ ಓಡಿಸಿದ್ರೆ ಎಡಗಡೆದು ನಾಲ್ಕು ಗಂಟೆ, ಬಲಗಡೆದು ಒಂದು ಗಂಟೆ ಚಿಲ್ಲರೆ. ಸೆಲ್ಲು ಬದಲಾಯಿಸ್ಲಾ ಅಂತ ರೇಟ್ ಹೇಳಿದ್ದಕ್ಕೆ "ಫ್ಯಾಕ್ಟ್ರಿ ಬಿಲ್ ಬರ್ಲಿ ಬುಡಿ, ನೋಡುವ" ಅಂದು ಹೋದ್ರು.

ಮದ್ದೂರಿನವರು ಮೇಲೆ "ಎಲ್ಲಾ ಬ್ಯಾಟರಿ ಸಮಸ್ಯೆನೇ, ಬದಲಾಯಿಸಿ ಕೊಡಿ" ಅಂತ ಬರೆದಿದಾರಲ್ಲ, ಅವರ ಮಾತು ಅರ್ಧ ಸರಿ. ಹಳೇ ಬಡ್ಡುಗಳಲ್ಲಿ ಸೆಲ್ಲು ಸವೆದಿರೋದು ನಿಜ, ಆದ್ರೆ ಸತ್ತದ್ದು ಅದರಿಂದಲೇ ಅಂತ ಇಲ್ಲ. ಇನ್ನು ಬದಲಾಯಿಸೋಕೆ ಕೂತ್ರೆ ಒಂದು ಅಪಾಯ ಇದೆ. ಗುಂಡಿ ಸೆಲ್ಲಿನ ಮೇಲೆ 1254 ಅಂತಿದ್ರೆ 12 ಮಿಲಿಮೀಟರ್ ಅಗಲ, 5.4 ದಪ್ಪ ಅಂತ ಅರ್ಥ. ಅಷ್ಟು ಹೊಂದಿದ್ರೆ ಸಾಲದು. 3.7 ವೋಲ್ಟ್ ಅಂತ ಬರೆದದ್ದು ಸಾಮಾನ್ಯವಾಗಿ 4.2ಕ್ಕೆ ತುಂಬುತ್ತೆ, 3.85 ಅಂತ ಬರೆದದ್ದು 4.4ಕ್ಕೆ. 3.85 ಇದ್ದ ಜಾಗಕ್ಕೆ 3.7 ಹಾಕಿದ್ರೆ ಬೋರ್ಡು ಅದನ್ನ ಮಿತಿ ಮೀರಿ ತುಂಬಿಸುತ್ತೆ, ಅದು ಗಿರಾಕಿಯ ಕಿವಿಯೊಳಗೆ ಇರೋ ಸಾಮಾನು. ಹಳೇ ಸೆಲ್ಲಿನ ಮೇಲೆ ಬರೆದದ್ದು ಓದೋಕೆ ಆಗ್ದೆ ಇದ್ರೆ ನಾನು ಕೆಲಸ ಒಪ್ಪಿಕೊಳ್ಳಲ್ಲ. ಬೆಂಗಳೂರು ಎಸ್.ಪಿ. ರಸ್ತೆಯಿಂದ ತರಿಸುವಾಗ ಪಟ್ಟಿ ವೆಲ್ಡ್ ಮಾಡಿರೋದನ್ನೇ ಕೇಳಿ, ಸೆಲ್ಲಿನ ಮೈಗೆ ನೇರ ಬೆಸುಗೆ ಹಾಕಿದ್ರೆ ಶಾಖಕ್ಕೆ ಒಳಗೆ ಹಾಳಾಗುತ್ತೆ.

ಬಡ್ಡನ್ನ ತೆರೆಯೋಕೆ ಕೂದಲು ಒಣಗಿಸೋ ಡ್ರೈಯರ್ ಸಾಕು, ಬೆರಳಿಗೆ ತಡೆಯೋಷ್ಟು ಬಿಸಿ. ಹಾಟ್ ಏರ್ ಗನ್ ಹಿಡಿಯಬೇಡಿ, ಪಕ್ಕದಲ್ಲೇ ಲಿಥಿಯಂ ಇದೆ. ಅಂಟಿನ ಗೆರೆಯಲ್ಲಿ ತೆಳು ಪ್ಲಾಸ್ಟಿಕ್ ತೂರಿಸಬೇಕು, ಆಳಕ್ಕೆ ಹೋದ್ರೆ ಸ್ಪೀಕರಿನ ಕೂದಲೆಳೆ ತಂತಿ ಕಟ್ಟಾಗುತ್ತೆ. ಒಳಗೆ ಸೆಲ್ಲು 3 ವೋಲ್ಟಿಗೆ ಮೇಲಿದ್ದೂ ಬಡ್ ಏಳದೆ ಇದ್ರೆ ಬೋರ್ಡಿನ ತೊಂದರೆ. 2ಕ್ಕೂ ಕೆಳಗಿದ್ರೆ ಎಬ್ಬಿಸೋ ಪ್ರಯತ್ನ ಬೇಡ, ಬದಲಾಯಿಸಿ. ಬೋರ್ಡು ಹೋಗಿದ್ರೆ ಸಾವಿರ ರೂಪಾಯಿ ಬಡ್ಸಿಗೆ ಆ ಕೂಲಿ ಗಿಟ್ಟಲ್ಲ, ಗಿರಾಕಿಗೆ ಹಾಗೇ ಹೇಳಿ ವಾಪಸ್ ಕೊಡಿ. ಬಿಚ್ಚಿ ಅಂಟಿಸಿದ ಬಡ್ಡಿಗೆ ನೀರು ತಡೆಯೋ ಶಕ್ತಿ ಮೊದಲಿನಷ್ಟು ಇರಲ್ಲ ಅನ್ನೋದನ್ನ ರಸೀದಿಯಲ್ಲೇ ಬರೆಸಿ.

ನಂಜನಗೂಡಿನ ಅಕ್ಕ, ನೀವು ಕೇಳಿದ್ದು ಬೇರೆ ವಿಷಯ. ಲೈಟು ಬರ್ತಿದೆ, ಫೋನಿಗೆ ಕನೆಕ್ಟ್ ಆಗ್ತಿದೆ, ಎಡಗಡೆ ಸೌಂಡು ಮಾತ್ರ ಕಡಿಮೆ ಅಂದ್ರೆ ಅದು ಸತ್ತಿಲ್ಲ. ಜಾಲರಿಯಲ್ಲಿ ಕಿವಿಯ ಗುಗ್ಗೆ ಕಟ್ಟಿಕೊಂಡಿರಬಹುದು. ಟಿಪ್ ತೆಗೆದು, ಜಾಲರಿ ಕೆಳಮುಖ ಮಾಡಿ ಹಿಡಿದು ಒಣ ಮೆತ್ತನೆ ಬ್ರಷ್ಷಲ್ಲಿ ಉಜ್ಜಿ, ಬಾಯಲ್ಲಿ ಊದಬೇಡಿ. ಆಗಲೂ ಹಾಗೇ ಇದ್ರೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಲ್ಲಿ ಎಡ ಬಲದ ಬ್ಯಾಲೆನ್ಸ್ ಪಟ್ಟಿ ಮಧ್ಯದಲ್ಲಿದೆಯಾ ನೋಡಿ ಇಲ್ಲಿ ತಿಳಿಸಿ.